ಅರ್ಧದ ಲಾಗ್, ತಿರುಗುವ ಚಿಹ್ನೆ

ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್-131 ಎಂಬ ವಿಕಿರಣಶೀಲ ಪದಾರ್ಥವನ್ನು ಬಳಸುತ್ತಾರೆ. ಅದರ ಅರ್ಧಾಯು ಸುಮಾರು 8 ದಿನ. ಅಂದರೆ ಇವತ್ತು ಇದ್ದದ್ದು 8 ದಿನಕ್ಕೆ ಅರ್ಧ, 16ಕ್ಕೆ ಕಾಲು, 24ಕ್ಕೆ ಅರೆಕಾಲು. ಶೀಶೆಯಲ್ಲಿ ಮುಚ್ಚಿಟ್ಟ ಅಯೋಡಿನ್ ಮೊದಲಿದ್ದುದರ ಶೇಕಡಾ 1ಕ್ಕಿಂತ ಕಡಿಮೆಯಾಗಬೇಕಾದರೆ ಎಷ್ಟು ದಿನ ಕಾಯಬೇಕು? (ದೇಹದೊಳಗೆ ಹೋದದ್ದರ ಲೆಕ್ಕ ಬೇರೆ. ಅದು ಮೂತ್ರದಲ್ಲೂ ಹೊರಹೋಗುತ್ತದೆ.) ದಿನಗಳನ್ನು t ಎಂದಿಟ್ಟುಕೊಂಡರೆ ಪ್ರಶ್ನೆ ಹೀಗಾಗುತ್ತದೆ:

(1/2)^(t/8) < 0.01

t ಘಾತದಲ್ಲಿ ಕೂತಿದೆ. ಅದನ್ನು ಕೆಳಗಿಳಿಸಲು ಎರಡೂ ಕಡೆ ಲಾಗ್ ತೆಗೆದುಕೊಳ್ಳಬೇಕು. ಎಲ್ಲರಿಗೂ ಪರಿಚಯವಿರುವ, ಆಧಾರ 10ರ ಲಾಗ್ ಸಾಕು. ಅರ್ಧದ ಲಾಗ್ −0.3010, 0.01ರ ಲಾಗ್ −2. ಆಗ

(t/8) × (−0.3010) < −2

ಇಲ್ಲಿಯವರೆಗೆ ಚಿಹ್ನೆ ಅಲುಗಾಡಿಲ್ಲ. ಈಗ −0.3010ರಿಂದ ಭಾಗಿಸಬೇಕು. ಋಣಸಂಖ್ಯೆಯಿಂದ ಭಾಗಿಸಿದರೆ ಅಸಮತೆಯ ಚಿಹ್ನೆ ತಿರುಗುತ್ತದೆ ಎಂಬುದು ಹೈಸ್ಕೂಲಿನ ಪಾಠ. t/8 > 6.64, ಅಂದರೆ t > 53.2. ಸುಮಾರು 53 ದಿನ ಕಳೆದ ಮೇಲೆ ಶೇಕಡಾ 1ಕ್ಕಿಂತ ಕೆಳಗೆ.

ಚಿಹ್ನೆ ತಿರುಗಿಸಲು ಮರೆತಿದ್ದರೆ? ಉತ್ತರ t < 53.2 ಎಂದು ಬರುತ್ತಿತ್ತು. ಹಾಗಾದರೆ ಶೀಶೆ ತುಂಬಿದ ದಿನವೇ ಅದರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಇದೆ ಎಂದಾಯಿತು! ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ: ಉತ್ತರದೊಳಗಿನ ಒಂದು ಸಂಖ್ಯೆಯನ್ನು ಮೂಲ ಅಸಮತೆಯಲ್ಲಿ ಹಾಕಿ ನೋಡುವುದು. 48 ದಿನಕ್ಕೆ ಉಳಿಯುವುದು 1/64, ಅಂದರೆ ಶೇಕಡಾ 1.56, 56ಕ್ಕೆ 1/128, ಅಂದರೆ ಶೇಕಡಾ 0.78. ಗಡಿ ಇವೆರಡರ ನಡುವೆಯೇ ಇದೆ.

ಇದೇ ಲೆಕ್ಕಕ್ಕೆ ಇನ್ನೊಂದು ದಾರಿಯೂ ಇದೆ. ಆಧಾರ 10ರ ಬದಲು ಆಧಾರ 1/2ರ ಲಾಗನ್ನೇ ತೆಗೆದುಕೊಳ್ಳಬಹುದು. ಅರ್ಧದ ಘಾತ ಏರಿದಷ್ಟೂ ಬೆಲೆ ಇಳಿಯುತ್ತದೆ. ಹಾಗಾಗಿ ಸಣ್ಣ ಸಂಖ್ಯೆಗೆ ದೊಡ್ಡ ಘಾತ ಬೇಕು. ಎರಡು ಧನಸಂಖ್ಯೆಗಳಿಗೆ ಈ ಲಾಗ್ ಹಚ್ಚಿದ ಕೂಡಲೇ ಅವುಗಳ ಕ್ರಮ ತಲೆಕೆಳಗಾಗುತ್ತದೆ, ಚಿಹ್ನೆ ಅಲ್ಲೇ ತಿರುಗುತ್ತದೆ. 0.01ಕ್ಕೆ ಈ ಆಧಾರದ ಲಾಗ್ 6.64, ಆದ್ದರಿಂದ ನೇರವಾಗಿ t/8 > 6.64. ಋಣಸಂಖ್ಯೆಯಿಂದ ಭಾಗಿಸುವ ಪ್ರಸಂಗವೇ ಬರುವುದಿಲ್ಲ. ಯಾವ ದಾರಿ ಹಿಡಿದರೂ ತಿರುಗುವುದು ಒಂದೇ ಸಲ. ಪರೀಕ್ಷೆಯಲ್ಲಿ ‘ಆಧಾರ ಒಂದಕ್ಕಿಂತ ಕಡಿಮೆ’ ಎಂದು ಮೊದಲು ಒಮ್ಮೆ, ಭಾಗಿಸುವಾಗ ಮತ್ತೊಮ್ಮೆ ತಿರುಗಿಸಿ, ಚಿಹ್ನೆ ಹೊರಟಲ್ಲಿಗೇ ವಾಪಸು ಬಂದಿರುವುದನ್ನು ಗಮನಿಸದವರು ಇದ್ದಾರೆ. ನಿಯಮ ಬಾಯಿಪಾಠ ಮಾಡಿದವರಿಗೇ ಈ ಅಪಾಯ ಜಾಸ್ತಿ.

ಘಾತದ ಅಸಮತೆ ಇಷ್ಟಕ್ಕೆ ಮುಗಿಯಿತು. ಪ್ರಶ್ನೆಯಲ್ಲೇ ಲಾಗ್ ಇದ್ದು, ಅದರೊಳಗೆ x ಅಡಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಇದನ್ನು ನೋಡಿ, ಆಧಾರ 1/2:

log₁⸝₂(x² − 3x) ≥ −2

ಅರ್ಧದ ಘಾತ −2 ಎಂದರೆ 4. ಲಾಗನ್ನು ಬಿಡಿಸುವಾಗ ಚಿಹ್ನೆ ತಿರುಗಿಸಿದರೆ x² − 3x ≤ 4. ಎಲ್ಲವನ್ನೂ ಒಂದೇ ಕಡೆ ತಂದರೆ (x − 4)(x + 1) ≤ 0. X ಇರುವುದು −1ರಿಂದ 4ರವರೆಗೆ. ಬಹಳ ಜನ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ.

x = 1 ಹಾಕಿ ನೋಡಿದರೆ ಎಡವಟ್ಟು ಬಯಲಾಗುತ್ತದೆ. x² − 3x ಆಗ −2. ಋಣಸಂಖ್ಯೆಗೂ ಸೊನ್ನೆಗೂ ಲಾಗ್ ಇಲ್ಲ. ಅರ್ಧವನ್ನು ಯಾವ ಘಾತಕ್ಕೆ ಏರಿಸಿದರೂ ಧನಸಂಖ್ಯೆಯೇ ಬರುವುದು. ಚಿಹ್ನೆ ತಿರುಗಿಸಿದಾಗ ನಮಗೆ ಸಿಕ್ಕಿದ್ದು ‘4ಕ್ಕೆ ಮೀರಬಾರದು’ ಎಂಬ ಮೇಲಿನ ಗಡಿ ಮಾತ್ರ. ‘ಸೊನ್ನೆಗಿಂತ ಹೆಚ್ಚಿರಬೇಕು’ ಎಂಬ ಕೆಳಗಿನ ಗಡಿಯನ್ನು ನಾವೇ ಸೇರಿಸಬೇಕು. ಆಧಾರ 2 ಇದ್ದು ಚಿಹ್ನೆ ≥ ಇದ್ದಿದ್ದರೆ x² − 3x ≥ 1/4 ಎಂದು ಬರುತ್ತಿತ್ತು, ಕೆಳಗಿನ ಗಡಿ ತಾನಾಗಿಯೇ ಪಾಲನೆಯಾಗುತ್ತಿತ್ತು. ಆಧಾರ ಒಂದಕ್ಕಿಂತ ಕಡಿಮೆಯಾದಾಗ ಆ ರಕ್ಷಣೆ ಇಂಥ ಪ್ರಶ್ನೆಯಲ್ಲಿ ತಪ್ಪಿಹೋಗುತ್ತದೆ.

x² − 3x ಸೊನ್ನೆಗಿಂತ ಹೆಚ್ಚಿರುವುದು x ಸೊನ್ನೆಗಿಂತ ಕಡಿಮೆ ಇದ್ದಾಗ, ಇಲ್ಲವೇ 3ನ್ನು ಮೀರಿದಾಗ. ಎರಡೂ ಷರತ್ತು ಒಟ್ಟಿಗೆ ಹಿಡಿಸುವ ಭಾಗ ಎರಡು ತುಂಡು: −1 ≤ x < 0 ಮತ್ತು 3 < x ≤ 4. ನಡುವಿನ 0ಯಿಂದ 3ರವರೆಗಿನ ಪಟ್ಟಿ ಪೂರ್ತಿ ಬಿದ್ದುಹೋಗುತ್ತದೆ. −1 ಮತ್ತು 4ರಲ್ಲಿ ಲಾಗ್ ಸರಿಯಾಗಿ −2 ಆಗುವುದರಿಂದ ಅವು ಉತ್ತರಕ್ಕೆ ಸೇರುತ್ತವೆ. 0 ಮತ್ತು 3ರಲ್ಲಿ ಲಾಗೇ ಇಲ್ಲವಾದ್ದರಿಂದ ಅವು ಸೇರುವುದಿಲ್ಲ.

ಆಧಾರದ ಜಾಗದಲ್ಲೇ x ಬಂದರೆ ಮಾತ್ರ ಲೆಕ್ಕವನ್ನು ಎರಡು ಸಲ ಮಾಡಲೇಬೇಕು: x ಒಂದನ್ನು ಮೀರಿದೆ ಎಂದು ಒಮ್ಮೆ, ಸೊನ್ನೆಗೂ ಒಂದಕ್ಕೂ ನಡುವೆ ಇದೆ ಎಂದು ಇನ್ನೊಮ್ಮೆ. ಚಿಹ್ನೆ ತಿರುಗುವುದು ಎರಡನೆಯದರಲ್ಲಿ ಮಾತ್ರ. x = 1ಕ್ಕೆ ಅಲ್ಲಿ ಜಾಗವೇ ಇಲ್ಲ, ಒಂದರ ಘಾತವೆಲ್ಲ ಒಂದೇ.