ಯಂತ್ರ ತೋರಿಸುವ ಮುನ್ನ ಬರೆದಿಡಿ

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಬೋರ್ಡೋ ದ್ರಾವಣ ಹೊಡೆಯಬೇಕು, ಆದರೆ ಕಾಂಡ ಪಾಚಿಗಟ್ಟಿ ಜಾರುವುದೂ ಅದೇ ಹೊತ್ತಿನಲ್ಲಿ. ರೈತರೊಬ್ಬರು ಇದಕ್ಕಾಗಿ ಮರ ಹತ್ತುವ ಹೊಸ ಯಂತ್ರ ಕಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಪೇಟೆಂಟ್ ಬೇಕೆಂದರೆ ಅವರು ಮೊದಲು ಸಿದ್ಧಪಡಿಸಬೇಕಾದ್ದು ಆವಿಷ್ಕಾರದ ವಿವರಣಾ ಪತ್ರ. ವಕೀಲರು ಅರ್ಜಿ ಬರೆಯುವುದು ಇದನ್ನು ಓದಿಯೇ.

ಮೊದಲ ಭಾಗ ಸಮಸ್ಯೆ. 'ಮರ ಹತ್ತುವುದು ಕಷ್ಟ' ಎಂದರೆ ಸಾಲದು, ಕಾರಣ ಬೇಕು. ಒದ್ದೆ ಪಾಚಿಯ ಮೇಲೆ ಚಕ್ರ ಜಾರುತ್ತದೆ. ಮೇಲೆ ಹೋದಂತೆ ಕಾಂಡ ಸಪೂರವಾಗಿ, ಬುಡದಲ್ಲಿ ಬಿಗಿ ಮಾಡಿದ ಹಿಡಿತ ಸಡಿಲವಾಗುತ್ತದೆ. ಹೀಗೆ ಬರೆದರೆ ಯಂತ್ರ ಯಾವುದಕ್ಕೆ ಉತ್ತರ ಎಂಬುದು ತಿಳಿಯುತ್ತದೆ.

ಎರಡನೆಯದು ಈಗಿರುವ ಪರಿಹಾರಗಳು. ಕಾಲಿಗೆ ಹಾಕುವ ಹಗ್ಗದ ಬಳೆ, ಮೋಟಾರಿನ ಮರ ಹತ್ತುವ ಯಂತ್ರ, ನೆಲದಿಂದಲೇ ಸಿಂಪಡಿಸುವ ಉದ್ದನೆಯ ದೋಟಿ, ಎಲ್ಲವನ್ನೂ ಹೇಳಬೇಕು. ಪ್ರತಿಯೊಂದೂ ಎಲ್ಲಿ ಸೋಲುತ್ತದೆ ಎಂದೂ ಬರೆಯಬೇಕು. ಹಳೆಯ ಪೇಟೆಂಟ್‌ಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಗೊತ್ತಿದ್ದದ್ದನ್ನು ಮುಚ್ಚಿಟ್ಟರೆ ಲಾಭವಿಲ್ಲ, ಪರಿಶೀಲಕರೂ ಹುಡುಕಿಯೇ ಹುಡುಕುತ್ತಾರೆ.

ಹೊಸತನದ ಭಾಗ ನಿಲ್ಲುವುದು ಈ ಹುಡುಕಾಟದ ಮೇಲೆಯೇ. ನಮ್ಮ ರೈತರು ಚಕ್ರದ ಮುಂದೆ ಪಾಚಿ ಕೆರೆಯುವ ಬ್ರಷ್ ಇಟ್ಟಿದ್ದಾರೆ. ಬ್ರಷ್ಷೂ ಹಳೆಯದು, ಚಕ್ರವೂ ಹಳೆಯದು. ತಮ್ಮ ತಮ್ಮ ಕೆಲಸವನ್ನು ಬೇರೆ ಬೇರೆಯಾಗಿ ಮಾಡುವ ಹಳೆಯ ಸಾಧನಗಳನ್ನು ಬರಿದೆ ಜೋಡಿಸಿದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ 1970ರ ಪೇಟೆಂಟ್ ಕಾಯ್ದೆಯ 3ನೇ ಕಲಂ. ಆದರೆ ಅವರ ಬ್ರಷ್ಷಿನ ತೋಳು ಕಾಂಡ ಸಪೂರವಾದಂತೆ ಒಳಗೆ ಬಾಗುತ್ತದೆ, ಬಾಗುವಾಗ ಒಂದು ಸಲಾಕೆಯನ್ನು ಎಳೆದು ಚಕ್ರವನ್ನು ಕಾಂಡಕ್ಕೆ ಇನ್ನಷ್ಟು ಒತ್ತುತ್ತದೆ. ಎರಡು ಭಾಗಗಳು ಒಂದನ್ನೊಂದು ನಡೆಸುವ ಈ ಕೊಂಡಿಯನ್ನೇ ಅವರು ಹೊಸತೆಂದು ಬರೆಯಬೇಕು. 'ಸುರಕ್ಷಿತ', 'ಅಗ್ಗ' ಎಂಬುವು ಅದರಿಂದಾಗುವ ಪ್ರಯೋಜನಗಳು ಮಾತ್ರ.

ಕೊನೆಗೆ ಕೆಲಸ ಮಾಡುವ ಬಗೆ. ಚಿತ್ರ ಬರೆದು ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟು, ಬಲ ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂದು ಕ್ರಮವಾಗಿ ಹೇಳಬೇಕು. ಎಷ್ಟು ದಪ್ಪದ ಕಾಂಡದಲ್ಲಿ, ಎಷ್ಟು ಭಾರ ಹೊತ್ತು ಪರೀಕ್ಷಿಸಿದರು, ಎಲ್ಲಿ ಜಾರಿತು ಎಂಬುದೂ ಬೇಕು. ಯಂತ್ರವನ್ನು ನೋಡದ ನುರಿತ ಫಿಟ್ಟರ್ ಒಬ್ಬರು ಓದಿ ಅದನ್ನು ಕಟ್ಟಬಲ್ಲರಾದರೆ ಬರಹ ಪೂರ್ಣ.

ಈ ಪತ್ರವನ್ನು ಗುಟ್ಟಾಗಿಡಿ. ಅರ್ಜಿಗೆ ಮುಂಚೆ ಕೃಷಿಮೇಳದಲ್ಲಿ ಯಂತ್ರ ಪ್ರದರ್ಶಿಸಿದರೆ, ವಿಡಿಯೊ ಹರಿಬಿಟ್ಟರೆ ಹೊಸತನವೇ ಕೈತಪ್ಪಬಹುದು. ಕಾಯ್ದೆ ಕೊಡುವ ವಿನಾಯಿತಿಗಳು ಬಹಳ ಕಡಿಮೆ. ಯಂತ್ರ ಇನ್ನೂ ಪಕ್ವವಾಗಿಲ್ಲವೇ? ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು. ಕರ್ನಾಟಕದವರ ಅರ್ಜಿ ಸೇರುವುದು ಚೆನ್ನೈ ಕಚೇರಿಗೆ. ಮೊದಲು ಅರ್ಜಿ ಹಾಕಿ, ಆಮೇಲೆ ಮೇಳಕ್ಕೆ ಹೋಗಿ.