ಕೇಳೋದು ಸುಲಭ, ಉತ್ತರ ಅರ್ಥವಾಗಬೇಕಲ್ಲ!

ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸಿಗುವ ಇಂಗ್ಲಿಷ್ ಕಲಿಕೆಯ ಪುಸ್ತಕಗಳಲ್ಲಿ ‘ಬಸ್ಸಿನಲ್ಲಿ’, ‘ಮಾರುಕಟ್ಟೆಯಲ್ಲಿ’ ಎಂಬ ಪಾಠ ಇದ್ದೇ ಇರುತ್ತದೆ. ಅದರಲ್ಲಿರುವ ಪ್ರಶ್ನೆಗಳನ್ನು ಬಾಯಿಪಾಠ ಮಾಡುವುದು ಕಷ್ಟವೇನಲ್ಲ. ತೊಡಕು ಶುರುವಾಗುವುದು ಎದುರಿನವರು ಬಾಯಿ ತೆರೆದಾಗ. ಪುಸ್ತಕದ ಕಂಡಕ್ಟರ್ ಕೊಡುವ ಉತ್ತರವನ್ನು ನಿಜವಾದ ಕಂಡಕ್ಟರ್ ಕೊಡುವುದಿಲ್ಲ. ಆದ್ದರಿಂದ ಹೊಸದಾಗಿ ಕಲಿಯುವವರು ಒಂದು ಉಪಾಯ ಹಿಡಿಯಬೇಕು: ತಮಗೆ ಅರ್ಥವಾಗುವಂಥ ಉತ್ತರವೇ ಬರುವ ಹಾಗೆ ಪ್ರಶ್ನೆ ಕೇಳಬೇಕು.

ಚೆನ್ನೈಯನ್ನೇ ತೆಗೆದುಕೊಳ್ಳಿ. ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಪರೀಕ್ಷೆಗೆ ಎಂದು ನಮ್ಮವರು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ನಮಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಉಳಿಯುವುದು ಇಬ್ಬರ ಹತ್ತಿರವೂ ಇರುವ ಅಷ್ಟಿಷ್ಟು ಇಂಗ್ಲಿಷ್. ಅಲ್ಲಿ ಪುಸ್ತಕದ ಉದ್ದುದ್ದ ವಿನಯದ ವಾಕ್ಯಗಳು ಕೆಲಸಕ್ಕೆ ಬರುವುದಿಲ್ಲ. ಹೇಳುವವರಿಗೂ ತಡವರಿಕೆ, ಕೇಳುವವರಿಗೂ ಗೊಂದಲ.

ಮೈಲಾಪುರದಿಂದ ಅಡಯಾರಿಗೆ ಹೋಗಬೇಕು ಎಂದುಕೊಳ್ಳಿ. ಪೆರಂಬೂರು ಮತ್ತು ಬೆಸೆಂಟ್ ನಗರದ ನಡುವೆ ಓಡುವ 29ಸಿ ಬಸ್ಸು ಎರಡೂ ಕಡೆ ಹಾದುಹೋಗುತ್ತದೆ. ಆದರೆ ಅದು ನಿಮಗೆ ಗೊತ್ತಿಲ್ಲ. “ಹೌ ಕೆನ್ ಐ ಗೋ ಟು ಅಡಯಾರ್?” ಎಂದು ಕೇಳಿದಿರೋ, ಉತ್ತರವಾಗಿ ಅರ್ಧ ನಿಮಿಷದ ವಿವರಣೆ ಬರುತ್ತದೆ. ಅದರಲ್ಲಿ ಒಂದು ಸಿಗ್ನಲ್, ಒಂದು ದೇವಸ್ಥಾನ, ಎರಡು ಬಸ್ ನಂಬರ್ ಎಲ್ಲ ಸೇರಿ ತಲೆ ಗಿರ್ ಎನ್ನುತ್ತದೆ. ಅದರ ಬದಲು ಹೀಗೆ ಹೋಗಲಿ:

“ಅಣ್ಣಾ, ಡಸ್ ದಿಸ್ ಬಸ್ ಗೋ ಟು ಅಡಯಾರ್?”
“ನೋ, ನೋ. ಟೇಕ್ ಟ್ವೆಂಟಿ ನೈನ್ ಸಿ.”
“ಟ್ವೆಂಟಿ ನೈನ್ ಸಿ?”
“ಯೆಸ್.”
“ದಿಸ್ ಸೈಡ್ ಆರ್ ದಟ್ ಸೈಡ್?”
“ದಟ್ ಸೈಡ್. ಕ್ರಾಸ್ ದ ರೋಡ್.”

ಮೊದಲ ಪ್ರಶ್ನೆಗೆ ಬರುವ ಉತ್ತರ ಹೌದು ಅಥವಾ ಇಲ್ಲ. ಎರಡನೆಯದು ಹೊಸ ಪ್ರಶ್ನೆಯೇ ಅಲ್ಲ, ಕೇಳಿಸಿದ ನಂಬರನ್ನು ತಿರುಗಿ ಹೇಳಿದ್ದಷ್ಟೇ. ತಪ್ಪಾಗಿ ಕೇಳಿಸಿದ್ದರೆ ಅವರೇ ಅಲ್ಲೇ ತಿದ್ದುತ್ತಾರೆ. ಮೂರನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಒಂದೇ ನಂಬರಿನ ಬಸ್ಸು ಎರಡೂ ದಿಕ್ಕಿಗೆ ಓಡುತ್ತದೆ. ರಸ್ತೆಯ ಯಾವ ಬದಿ ಎಂದು ಕೇಳದೆ ಹತ್ತಿದರೆ ಅಡಯಾರಿಗೆ ಬೆನ್ನು ಹಾಕಿ ಪೆರಂಬೂರಿನ ಕಡೆ ಹೊರಟಿರುತ್ತೀರಿ.

ನಮ್ಮ ಪ್ರಶ್ನೆ ಇರುವುದು ವಾಕ್ಯದ ಕೊನೆಯಲ್ಲಿ: ‘ಹೋಗುತ್ತಾ?’ ಇಂಗ್ಲಿಷಿನಲ್ಲಿ ‘ಡಸ್’ ಮೊದಲೇ ಬಂದು ಇದು ಪ್ರಶ್ನೆ ಎಂದು ತಿಳಿಸಿಬಿಡುತ್ತದೆ. ಅದು ಬಂದ ಮೇಲೆ ‘ಗೋಸ್’ ಬೇಡ, ‘ಗೋ’ ಸಾಕು. ನಾಲಿಗೆ ಹೊರಳದೆ “ದಿಸ್ ಬಸ್ ಗೋಯಿಂಗ್ ಅಡಯಾರ್?” ಎಂದರೂ ಬಸ್ಸೇನೂ ತಪ್ಪುವುದಿಲ್ಲ, ದನಿಯನ್ನು ಕೊನೆಯಲ್ಲಿ ಏರಿಸಿದರಾಯಿತು.

ನಿಜವಾಗಿ ಬಸ್ಸು ತಪ್ಪಿಸುವ ತಪ್ಪು ಬೇರೆ ಇದೆ. “ಈ ಬಸ್ ಅಡಯಾರಿಗೆ ಹೋಗಲ್ವಾ?” ಎಂದು ಕನ್ನಡದಲ್ಲಿ ಕೇಳಿದರೆ, ಹೋಗದ ಬಸ್ಸಾದರೆ “ಹೌದು, ಹೋಗಲ್ಲ” ಎನ್ನುತ್ತೇವೆ. ತಮಿಳರೂ ಹಾಗೇ ಹೇಳುತ್ತಾರೆ. ಇಂಗ್ಲಿಷಿನ ಪದ್ಧತಿ ತಿರುವುಮುರುವು: ಹೋಗುವುದಾದರೆ ‘ಯೆಸ್’, ಹೋಗದಿದ್ದರೆ ‘ನೋ’, ಪ್ರಶ್ನೆ ಹೇಗೇ ಇರಲಿ. ಈಗ ನೀವು “ಡಸಂಟ್ ದಿಸ್ ಬಸ್ ಗೋ ಟು ಅಡಯಾರ್?” ಎಂದಿರಿ, ಅವರು “ಯೆಸ್” ಎಂದರು. ಅದು ಇಂಗ್ಲಿಷಿನ ಯೆಸ್ಸೋ, ತಮಿಳಿನ ಹೌದೋ? ಹೇಳಿದವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ‘ಇಲ್ಲ’ ಸೇರಿಸಿ ಪ್ರಶ್ನೆ ಕೇಳಲೇಬೇಡಿ. ನಿಮ್ಮನ್ನು ಯಾರಾದರೂ ಹಾಗೆ ಕೇಳಿದರೆ ಬರೀ ಯೆಸ್ ಎನ್ನದೆ, “ಇಟ್ ಗೋಸ್” ಅಥವಾ “ಇಟ್ ಡಸಂಟ್ ಗೋ” ಎಂದು ಪೂರ್ತಿ ಹೇಳಿ.

ಹತ್ತಿದ ಮೇಲೆ ಕಂಡಕ್ಟರಿಗೆ “ಒನ್ ಅಡಯಾರ್” ಎಂದರೆ ಟಿಕೆಟ್ ಸಿಗುತ್ತದೆ. ಅದರ ಜೊತೆಗೆ “ಪ್ಲೀಸ್ ಟೆಲ್ ಮಿ ವೆನ್ ಅಡಯಾರ್ ಕಮ್ಸ್” ಎಂದು ಹೇಳಿಡಿ. ‘ಎಷ್ಟನೇ ಸ್ಟಾಪು’ ಎಂಬುದನ್ನು ಇಂಗ್ಲಿಷಿಗೆ ತರಲು ಹೆಣಗಬೇಡಿ, ಅದಕ್ಕೆ ಅಲ್ಲಿ ಸಲೀಸಾದ ಮಾತಿಲ್ಲ.

ಇನ್ನು ಟಿ. ನಗರದ ರಂಗನಾಥನ್ ಸ್ಟ್ರೀಟ್. ಮಾಂಬಲಂ ರೈಲು ನಿಲ್ದಾಣದ ಪಕ್ಕದ ಈ ಬೀದಿಯಲ್ಲಿ ಜನ ಸಂದಣಿ ಹೇಳತೀರದು. ಬದಿಯಲ್ಲಿ ಬಟ್ಟೆ ಮಾರುವವರ ಹತ್ತಿರ ಚೌಕಾಸಿ ಹೀಗೆ ನಡೆದೀತು:

“ಹೌ ಮಚ್ ಈಸ್ ದಿಸ್ ಶರ್ಟ್?”
“ತ್ರೀ ಫಿಫ್ಟಿ.”
“ಟೂ ಮಚ್. ವಿಲ್ ಯು ಗಿವ್ ಇಟ್ ಫಾರ್ ಟೂ ಹಂಡ್ರೆಡ್?”
“ನೋ, ನೋ. ತ್ರೀ ಹಂಡ್ರೆಡ್. ಲಾಸ್ಟ್ ಪ್ರೈಸ್.”
“ಐ ವಿಲ್ ಟೇಕ್ ಟೂ. ಫೈವ್ ಹಂಡ್ರೆಡ್ ಫಾರ್ ಬೋತ್.”
“ಫೈವ್ ಫಿಫ್ಟಿ.”
“ಫೈವ್ ಫಿಫ್ಟಿ ಫಾರ್ ಬೋತ್? ಓಕೆ.”

‘ತ್ರೀ ಫಿಫ್ಟಿ’ ಎಂದರೆ 350. ‘ಹಂಡ್ರೆಡ್’ ಅನ್ನು ಅಂಗಡಿಯವರು ನುಂಗಿಬಿಡುತ್ತಾರೆ. ಹೊಸಬರಿಗೆ ಮೂರು ಬೇರೆ, ಐವತ್ತು ಬೇರೆ ಕೇಳಿಸುತ್ತದೆ. ‘ಫಾರ್ ಬೋತ್’ ಎಂಬ ಎರಡು ಪದಗಳು ಇಡೀ ವ್ಯಾಪಾರದ ಬೀಗ. ಅದನ್ನು ಹೇಳದಿದ್ದರೆ 550 ಎರಡಕ್ಕೂ ಸೇರಿಯೋ, ಒಂದಕ್ಕೋ ಎಂಬ ಜಗಳ ದುಡ್ಡು ಕೊಡುವ ಹೊತ್ತಿಗೆ ಏಳುತ್ತದೆ. ಒಂದೊಂದಕ್ಕೆ ಎನ್ನಬೇಕಾದರೆ ‘ಈಚ್’ ಎನ್ನಿ.

ಕಿವಿಗೆ ಮೋಸ ಮಾಡುವ ಇನ್ನೊಂದು ಜೋಡಿ ಫಿಫ್ಟೀನ್, ಫಿಫ್ಟಿ. ಹದಿನೈದಾದರೆ ಕೊನೆಯ ‘ಟೀನ್’ ಮೇಲೆ ಒತ್ತು ಬಿದ್ದು ಎಳೆದಂತಿರುತ್ತದೆ, ಐವತ್ತಾದರೆ ಮೊದಲ ‘ಫಿಫ್’ ಮೇಲೆ. ಗದ್ದಲದಲ್ಲಿ ಇದು ಯಾರಿಗೂ ಕೇಳಿಸದು. ಆಗ “ಒನ್ ಫೈವ್ ಆರ್ ಫೈವ್ ಝೀರೋ?” ಎಂದು ಅಂಕಿ ಬಿಡಿಸಿ ಕೇಳಿ. ಥರ್ಟೀನ್, ಥರ್ಟಿಯಿಂದ ನೈಂಟೀನ್, ನೈಂಟಿಯವರೆಗೂ ಇದೇ ಮದ್ದು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ತೋರಿಸಿದರೂ ತಪ್ಪಿಲ್ಲ.

ಮರ್ಯಾದೆಯ ವಿಷಯಕ್ಕೆ ಬಂದರೆ, ನಮ್ಮ ‘ಕೊಡಿ’, ‘ತೋರಿಸಿ’ಯಲ್ಲಿ ಕೊನೆಯ ಇಕಾರವೇ ಗೌರವ ಹೊತ್ತಿರುತ್ತದೆ. ಅದನ್ನು “ಗಿವ್”, “ಶೋ” ಎಂದು ಇಳಿಸಿದರೆ ಆ ಗೌರವ ಉದುರಿ ಅಪ್ಪಣೆ ಮಾತ್ರ ಉಳಿಯುತ್ತದೆ. ನಾವು ಬಹುವಚನದಲ್ಲೇ ಮಾತಾಡಿದೆವು ಎಂದುಕೊಂಡಿರುತ್ತೇವೆ, ಎದುರಿನವರಿಗೆ ಗದರಿದಂತೆ ಕೇಳಿಸಿರುತ್ತದೆ. “ಕೆನ್ ಯು ಶೋ ಮಿ ದ ಬ್ಲೂ ಒನ್?” ಎಂದರೆ ಆ ಇಕಾರದ ಕೆಲಸವನ್ನು ‘ಕೆನ್ ಯು’ ಮಾಡುತ್ತದೆ. ಹಾಗೆಯೇ ‘ಬೇಡ ಬಿಡಿ’ಗೆ “ಲೀವ್ ಇಟ್” ಎನ್ನಬೇಡಿ, ಅದು ಒರಟು. “ನೋ, ಥ್ಯಾಂಕ್ ಯು” ಎಂದು ಎರಡು ಹೆಜ್ಜೆ ಮುಂದೆ ಹೋಗಿ. ಕೊಡುವ ಮನಸ್ಸಿದ್ದರೆ ಅವರೇ ಕರೆಯುತ್ತಾರೆ.

ಇದನ್ನೆಲ್ಲ ಒಬ್ಬರೇ ಕೂತು ಓದಿದರೆ ಬಾಯಿ ಪಳಗುತ್ತದೆ, ಕಿವಿ ಪಳಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬರನ್ನು ಅಂಗಡಿಯವರನ್ನಾಗಿ ಕೂರಿಸಿ. ಪುಸ್ತಕ ನಿಮ್ಮ ಕೈಯಲ್ಲಿರಲಿ, ಅವರ ಕೈಯಲ್ಲಿ ಬೇಡ. ಅವರು ಪ್ರತಿ ಸಲವೂ ಬೇರೆ ಬೆಲೆ, ಬೇರೆ ಬಸ್ ನಂಬರ್ ಹೇಳಲಿ, ನಡುವೆ ಒಮ್ಮೊಮ್ಮೆ ‘ನೋ’ ಎನ್ನಲಿ, ಟಿ.ವಿ. ಸದ್ದೂ ಜೋರಾಗಿರಲಿ. ಹೇಳಿದ ಅಂಕಿಯನ್ನು ಕೇಳಿದ ಕೂಡಲೇ ನೀವು ಕಾಗದದ ಮೇಲೆ ಬರೆದು ತೋರಿಸಬೇಕು. ಹತ್ತು ಅಂಕಿಗಳಲ್ಲಿ ಹತ್ತೂ ಸರಿಯಾಗುವ ತನಕ ಆಟ ಮುಂದುವರಿಸಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಇಳಿಯಬೇಕಾದ ಸ್ಟಾಪಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.