‘ಕಾಡು’ ಹುಡುಕಿದರೆ ‘ಕಾಡಿನಲ್ಲಿ’ಯೂ ಸಿಗಬೇಕು

ಕನ್ನಡ ಲೇಖನಗಳ ದೊಡ್ಡ ಸಂಗ್ರಹದಲ್ಲಿ ‘ಕಾಡು’ ಎಂದು ಹುಡುಕಿ ನೋಡಿ. ಇಡೀ ಪದಗಳನ್ನಷ್ಟೇ ಸೂಚಿಯಲ್ಲಿಟ್ಟುಕೊಂಡ ತಂತ್ರಾಂಶಕ್ಕೆ ‘ಕಾಡಿನಲ್ಲಿ’, ‘ಕಾಡಿನಿಂದ’ ಎಲ್ಲವೂ ಬೇರೆಯೇ ಪದಗಳು. ಅವಿರುವ ಪುಟಗಳು ಕಣ್ಣಿಗೇ ಬೀಳುವುದಿಲ್ಲ.

ಪ್ರತ್ಯಯ ಕಳಚಿ ಪ್ರಕೃತಿಯನ್ನು ಉಳಿಸುವ ತಂತ್ರಾಂಶಕ್ಕೆ ಸ್ಟೆಮ್ಮರ್ ಎನ್ನುತ್ತಾರೆ. ಪ್ರತ್ಯಯದ ಮೇಲೆ ಪ್ರತ್ಯಯ, ನಡುವೆ ಆಗಮ, ಸಂಧಿ ಸೇರಿಕೊಳ್ಳುವ ಭಾಷೆಗೆ ಅದನ್ನು ಚೆನ್ನಾಗಿ ಬರೆಯುವುದು ಕಷ್ಟ. ಅದು ಇಲ್ಲದಾಗ ಇನ್ನೊಂದು ದಾರಿಯಿದೆ: ವ್ಯಾಕರಣದ ಗೋಜಿಗೇ ಹೋಗದೆ ಪ್ರತಿ ಪದವನ್ನೂ ಒಂದೇ ಅಳತೆಯ, ಒಂದರ ಮೇಲೊಂದು ಹಾಯುವ ತುಂಡುಗಳಾಗಿ ಕತ್ತರಿಸಿ ಸೂಚಿಗೆ ಸೇರಿಸುವುದು. ಈ ತುಂಡುಗಳೇ ಎನ್-ಗ್ರಾಂ. ಅಮೆರಿಕದ ಪಾಲ್ ಮೆಕ್‌ನಾಮಿ ಮತ್ತು ಜೇಮ್ಸ್ ಮೇಫೀಲ್ಡ್ 2004ರಲ್ಲಿ ಯುರೋಪಿನ ಭಾಷೆಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ 4 ಅಕ್ಷರಗಳ ತುಂಡು ಒಳ್ಳೆಯ ಫಲ ಕೊಟ್ಟಿತ್ತು.

ಕನ್ನಡದಲ್ಲಿ ಎಲ್ಲಿ ಕತ್ತರಿಸಬೇಕು ಎಂಬುದೇ ಮೊದಲ ಪ್ರಶ್ನೆ. ನಾವು ಬರೆಯುವ ಅಕ್ಷರಗಳ ಲೆಕ್ಕದಲ್ಲಿ ಕತ್ತರಿಸಿದರೆ ‘ಕಾ-ಡು’ ಮತ್ತು ‘ಕಾ-ಡಿ-ನ-ಲ್ಲಿ’ ಎರಡನೆಯ ಅಕ್ಷರಕ್ಕೇ ಬೇರೆಯಾಗುತ್ತವೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ. ‘ಕಾಡು’ ಎಂದರೆ 4 ಸಂಕೇತಗಳು. ಪದದ ಎರಡೂ ತುದಿಗೆ ಗಡಿಗುರುತಾಗಿ ಅಡಿಗೆರೆ ಸೇರಿಸಿ ನಾಲ್ಕು ನಾಲ್ಕಾಗಿ ಕತ್ತರಿಸಿದರೆ ‘ಕಾಡು’ವಿಗೆ 3 ತುಂಡು, ‘ಕಾಡಿನಲ್ಲಿ’ಗೆ 8 ತುಂಡು ಸಿಗುತ್ತವೆ. ‘_ಕಾಡ’ ಎಂಬ ತುಂಡು ಎರಡರಲ್ಲೂ ಇರುವುದರಿಂದ ಹುಡುಕಾಟ ಗೆಲ್ಲುತ್ತದೆ. ಗಡಿಗುರುತೂ ತನ್ನ ಕೆಲಸ ಮಾಡುತ್ತದೆ. ‘ಅಕಾಡೆಮಿ’ಯ ಒಳಗೂ ‘ಕಾಡ’ ಅಡಗಿದೆ, ಆದರೆ ‘_ಕಾಡ’ ಇಲ್ಲ. ಹಾಗಾಗಿ ಅದು ಹೊರಗುಳಿಯುತ್ತದೆ.

ತೊಂದರೆ ಬರುವುದು ಪದದ ಬಾಲದಿಂದ. ‘ಕಾಡಿನಲ್ಲಿ’ ಎಂದು ಹುಡುಕಿದಾಗ ‘ಊರಿನಲ್ಲಿ’ ಅದರೊಂದಿಗೆ 4 ತುಂಡುಗಳನ್ನು ಹಂಚಿಕೊಳ್ಳುತ್ತದೆ, ‘ಕಾಡು’ ಒಂದನ್ನು ಮಾತ್ರ. ಬರೀ ಎಣಿಕೆಯನ್ನೇ ನಂಬಿದರೆ ಕಾಡು ಕೇಳಿದವರ ಮುಂದೆ ಊರು ಬಂದು ನಿಲ್ಲುತ್ತದೆ. ಫಲಿತಾಂಶದ ಮೊದಲ ಪುಟದಲ್ಲಿ ಬರೀ ಪ್ರತ್ಯಯ ಹೊಂದುವ ಪದಗಳೇ ತುಂಬಿದ್ದರೆ ದೋಷ ಇಲ್ಲಿದೆ ಎಂದು ತಿಳಿಯಬಹುದು. ಪರಿಹಾರವೆಂದರೆ ತೂಕ. ಸಂಗ್ರಹದಲ್ಲಿ ಎಲ್ಲೆಡೆ ಕಾಣುವ ‘ನಲ್ಲ’, ‘ಲ್ಲಿ’ಯಂಥ ತುಂಡುಗಳಿಗೆ ಕಡಿಮೆ ಅಂಕ, ಅಪರೂಪದ ‘_ಕಾಡ’ಕ್ಕೆ ಹೆಚ್ಚು ಅಂಕ.

ಬೆಲೆಯನ್ನೂ ತೆರಬೇಕು. ಒಂದು ಪದಕ್ಕೆ ಒಂದು ನಮೂದು ಇದ್ದಲ್ಲಿ 8 ನಮೂದು ಬಂದರೆ ಸೂಚಿ ಹಲವು ಪಟ್ಟು ಉಬ್ಬುತ್ತದೆ, ಹುಡುಕಾಟ ನಿಧಾನವಾಗುತ್ತದೆ. ‘ಕಾಡಿಗೆ’ ಎಂದರೆ ಅರಣ್ಯಕ್ಕೋ, ಕಣ್ಣಿಗೆ ಹಚ್ಚುವುದೋ ಎಂಬುದು ತುಂಡುಗಳಿಗೆ ತಿಳಿಯದು. ‘ಬರು’ ಹುಡುಕಿದರೆ ‘ಬಂದ’ ಸಿಗುವುದೂ ಇಲ್ಲ, ಏಕೆಂದರೆ ಅವೆರಡರ ನಡುವೆ ‘ಬ’ ಒಂದೇ ಸಮಾನ. ಹೀಗೆ ರೂಪವೇ ಬದಲಾಗುವ ಕ್ರಿಯಾಪದಗಳಿಗೆ ಕೈಯಿಂದಲೇ ಒಂದು ಪಟ್ಟಿ ಮಾಡಿ, ಉಳಿದ ಪದಗಳನ್ನು ಎನ್-ಗ್ರಾಂಗೆ ಬಿಡುವುದೇ ಸದ್ಯಕ್ಕೆ ಕನ್ನಡದ ಹುಡುಕಾಟಕ್ಕೆ ಒಪ್ಪುವ ದಾರಿ.